ಮೊಣಕಾಲು ಶಸ್ತ್ರಚಿಕಿತ್ಸೆಯ ಪೂರ್ವಾನುಮತಿ: ವೈದ್ಯರು ಬರೆಯಲಿ, ರೋಗಿ ಓದಲಿ

ವಯಸ್ಸಾದವರಿಗೆ ಮಾಡುವ ಮೊಣಕಾಲು ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಇಂದು ದೊಡ್ಡ ನಗರಗಳಿಗೆ ಸೀಮಿತವಾಗಿ ಉಳಿದಿಲ್ಲ. ನಮ್ಮ ಜಿಲ್ಲಾ ಕೇಂದ್ರಗಳ ಆಸ್ಪತ್ರೆಗಳಲ್ಲಿಯೂ ಅದು ನಿತ್ಯ ನಡೆಯುತ್ತಿದೆ. ಆರೋಗ್ಯ ವಿಮೆ ಮಾಡಿಸಿದ ಹಿರಿಯರು ಇದಕ್ಕೆ ಸಿದ್ಧರಾದಾಗ ಆಸ್ಪತ್ರೆಯ ವಿಮಾ ವಿಭಾಗದವರು ಒಂದು ನಮೂನೆಯನ್ನು ತುಂಬಿ, ರೋಗಿಯಿಂದ ಸಹಿ ಪಡೆದು, ವಿಮಾ ಕಂಪನಿಗೆ ಅಥವಾ ಅದರ ಪರವಾಗಿ ಕೆಲಸ ಮಾಡುವ ಟಿಪಿಎ ಸಂಸ್ಥೆಗೆ ಕಳುಹಿಸುತ್ತಾರೆ. ಹಣ ಕಟ್ಟದೆ ಚಿಕಿತ್ಸೆ ಪಡೆಯಲು, ಅಂದರೆ ಕ್ಯಾಶ್‌ಲೆಸ್ ಸೌಲಭ್ಯಕ್ಕೆ, ಮುಂಚಿತವಾಗಿ ಬೇಡುವ ಈ ಒಪ್ಪಿಗೆಗೆ ಪೂರ್ವಾನುಮತಿ ಎಂದು ಹೆಸರು. ಹೆಚ್ಚಿನ ರೋಗಿಗಳು ಆ ನಮೂನೆಯಲ್ಲಿ ಏನು ಬರೆದಿದೆ ಎಂಬುದನ್ನು ಓದಿರುವುದಿಲ್ಲ. ಅನೇಕ ಕಡೆ ಶಸ್ತ್ರವೈದ್ಯರೂ ಅದನ್ನು ತುಂಬಿಲ್ಲ, ಸಹಿಯನ್ನಷ್ಟೇ ಹಾಕಿರುತ್ತಾರೆ. ಈ ರೂಢಿ ಬದಲಾಗಬೇಕು ಎಂಬುದೇ ಈ ಲೇಖನದ ವಾದ. ಪೂರ್ವಾನುಮತಿಯ ಕೋರಿಕೆ ವೈದ್ಯಕೀಯ ದಾಖಲೆ. ಅದನ್ನು ಚಿಕಿತ್ಸೆ ನೀಡುವ ವೈದ್ಯರೇ ಬರೆಯಬೇಕು, ಕಳುಹಿಸುವ ಮೊದಲು ರೋಗಿ ಅಥವಾ ಅವರ ಮನೆಯವರು ಓದಬೇಕು.

ವಿಮಾ ಕಂಪನಿಯವರು ಅನುಮತಿ ಕೇಳುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹೃದಯಾಘಾತವಾದವರನ್ನು ಕಾಯಿಸಲಾಗದು, ಮೊಣಕಾಲಿನ ಶಸ್ತ್ರಚಿಕಿತ್ಸೆ ದಿನ ಗೊತ್ತುಮಾಡಿಕೊಂಡು ನಡೆಸುವಂಥದು. ಕೀಲು ಹೆಚ್ಚು ಸವೆಯದಿರುವಾಗಲೇ ಆತುರಪಟ್ಟು ಬದಲಾಯಿಸಿದರೆ ರೋಗಿಗೂ ಸುಖವಿಲ್ಲ. ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಐವರಿಗೆ ಒಬ್ಬರವರೆಗೆ ಫಲಿತಾಂಶದಿಂದ ಪೂರ್ಣ ತೃಪ್ತರಾಗುವುದಿಲ್ಲ ಎಂಬುದು ವೈದ್ಯಲೋಕಕ್ಕೆ ತಿಳಿದ ಸಂಗತಿ. ಸವೆತ ಅಲ್ಪವಾಗಿದ್ದಾಗ ಮಾಡಿಸಿಕೊಂಡವರಲ್ಲಿ ಅತೃಪ್ತಿ ಇನ್ನೂ ಹೆಚ್ಚು. ಆದ್ದರಿಂದ ‘ಈ ಕೀಲಿಗೆ ಶಸ್ತ್ರಚಿಕಿತ್ಸೆಯೇ ಏಕೆ, ಈಗಲೇ ಏಕೆ’ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ವೈದ್ಯರ ಬಳಿ ಇರುತ್ತದೆ, ಕಾಗದದ ಮೇಲೆ ಮಾತ್ರ ಬರುವುದಿಲ್ಲ. ತೊಂದರೆ ಹುಟ್ಟುವುದು ಅಲ್ಲಿ.

ಒಂದು ಪ್ರಸಂಗವನ್ನು ಮಾದರಿಯಾಗಿ ಕಲ್ಪಿಸಿಕೊಂಡು ನೋಡೋಣ. ಅರವತ್ತೇಳು ವರ್ಷದ ಒಬ್ಬ ತಾಯಿ, ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿ. 2021ರ ಜೂನ್‌ನಲ್ಲಿ ಐದು ಲಕ್ಷ ರೂಪಾಯಿಯ ಆರೋಗ್ಯ ವಿಮೆ ಮಾಡಿಸಿ, ಒಂದು ವರ್ಷವೂ ತಪ್ಪದಂತೆ ನವೀಕರಿಸಿದ್ದಾರೆ. 2016ರಿಂದ ಇರುವ ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿಯೇ ತಿಳಿಸಿದ್ದಾರೆ. ಬಲ ಮೊಣಕಾಲಿನ ಕೀಲು ಬದಲಿಸಲು 2025ರ ನವೆಂಬರ್‌ನಲ್ಲಿ ದಿನ ಗೊತ್ತಾಗಿದೆ. ಆಸ್ಪತ್ರೆಯಿಂದ ಹೊರಟ ಕೋರಿಕೆಯಲ್ಲಿ ಹೀಗೆ ಬರೆದಿದೆ ಎಂದುಕೊಳ್ಳೋಣ:

“ರೋಗಿಗೆ 10 ವರ್ಷಗಳಿಂದ ಎರಡೂ ಮೊಣಕಾಲು ನೋವು. ತೀವ್ರ ಕೀಲು ಸವೆತ. ಔಷಧದಿಂದ ಗುಣ ಕಂಡಿಲ್ಲ. ಬಲ ಮೊಣಕಾಲು ಕೀಲು ಬದಲಾವಣೆಗೆ ಸಲಹೆ ನೀಡಲಾಗಿದೆ. ದಯವಿಟ್ಟು ಮಂಜೂರು ಮಾಡುವುದು.”

ಇದರಲ್ಲಿ ಸುಳ್ಳೇನೂ ಇಲ್ಲವೆಂದು ತೋರುತ್ತದೆ. ಆದರೆ ಇದನ್ನು ಓದುವವರು ಕಂಪನಿಯ ವೈದ್ಯಾಧಿಕಾರಿ. ಅವರು ರೋಗಿಯನ್ನು ಕಂಡಿಲ್ಲ, ಕಾಣುವುದೂ ಇಲ್ಲ. ಅವರ ಮುಂದಿರುವುದು ಈ ನಾಲ್ಕಾರು ಸಾಲುಗಳು ಮತ್ತು ಪಾಲಿಸಿಯ ದಿನಾಂಕಗಳು. ಅವರ ಕಣ್ಣು ಮೊದಲು ನಿಲ್ಲುವುದು ‘10 ವರ್ಷ’ ಎಂಬ ಮಾತಿನ ಮೇಲೆ. ಹತ್ತು ವರ್ಷವೆಂದರೆ 2015. ಪಾಲಿಸಿ ಆರಂಭವಾದದ್ದು 2021. ಹಾಗಾದರೆ ಪಾಲಿಸಿಗೆ ಆರು ವರ್ಷ ಮೊದಲೇ ಈ ರೋಗವಿತ್ತು, ಅರ್ಜಿಯಲ್ಲಿ ಅದನ್ನು ಮುಚ್ಚಿಡಲಾಗಿದೆ ಎಂಬ ಸಂಶಯ ಏಳುತ್ತದೆ. ಆ ಸಂಶಯಕ್ಕೆ ಆಧಾರ ಒದಗಿಸಿದವರು ಬೇರೆ ಯಾರೂ ಅಲ್ಲ, ರೋಗಿಯ ಪರವಾಗಿ ಬರೆದ ಆಸ್ಪತ್ರೆಯವರೇ.

ಈ ದಿನಾಂಕದ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ವಯಸ್ಸಿನಿಂದಾದ ಕೀಲು ಸವೆತಕ್ಕೆ ಮಾಡುವ ಕೀಲು ಬದಲಾವಣೆಗೆ ಬಹುತೇಕ ಪಾಲಿಸಿಗಳಲ್ಲಿ ಕಾಯುವ ಅವಧಿ ಇದೆ. ಹಿಂದೆ ಅದು ನಾಲ್ಕು ವರ್ಷದವರೆಗೆ ಇರುತ್ತಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2024ರಲ್ಲಿ ತಂದ ನಿಯಮಗಳ ಪ್ರಕಾರ ಇಂಥ ಅವಧಿ ಮೂರು ವರ್ಷವನ್ನು ಮೀರುವಂತಿಲ್ಲ. ಆ ತಾಯಿಯ ಪಾಲಿಸಿಗೆ ನವೆಂಬರ್‌ನಲ್ಲಿ ಐವತ್ತಮೂರು ತಿಂಗಳು. ಹಳೆಯ ಲೆಕ್ಕದಲ್ಲಿಯೂ ಹೊಸ ಲೆಕ್ಕದಲ್ಲಿಯೂ ಈ ಅವಧಿ ದಾಟಿದೆ. ಆದರೆ ಇನ್ನೊಂದು ಗಡಿ ಉಳಿದಿದೆ. ಪಾಲಿಸಿ ಸತತವಾಗಿ ಅರವತ್ತು ತಿಂಗಳು ನಡೆದ ಮೇಲೆ, ವಂಚನೆ ಸಾಬೀತಾದ ಹೊರತು, ‘ಆಗ ತಿಳಿಸಲಿಲ್ಲ’ ಎಂಬ ಕಾರಣವೊಡ್ಡಿ ಕ್ಲೇಮನ್ನು ತಳ್ಳಿಹಾಕುವಂತಿಲ್ಲ. ಆ ತಾಯಿಗೆ ಆ ರಕ್ಷಣೆ ದೊರೆಯಲು ಇನ್ನೂ ಏಳು ತಿಂಗಳು ಬೇಕು. ಆದ್ದರಿಂದ ‘10 ವರ್ಷ’ ಎಂಬ ಎರಡು ಪದಗಳು ಅವರ ಇಡೀ ಕೋರಿಕೆಯನ್ನೇ ಮುಳುಗಿಸಬಲ್ಲವು.

ನಿಜವಾಗಿ ನಡೆದದ್ದು ಏನು? ವೈದ್ಯರು ‘ನೋವು ಎಷ್ಟು ದಿನದಿಂದ’ ಎಂದಾಗ ಆ ತಾಯಿ ‘ಹತ್ತು ವರ್ಷ ಆಗಿರಬೇಕ್ರೀ’ ಎಂದಿದ್ದಾರೆ. ದಿನವಿಡೀ ನಿಂತು ಪಾಠ ಹೇಳಿ ಮನೆಗೆ ಬಂದಾಗ ಕಾಲು ಹರಿಯುತ್ತಿದ್ದುದನ್ನೂ ಅವರು ಆ ಲೆಕ್ಕಕ್ಕೆ ಸೇರಿಸಿದ್ದಾರೆ. ಆದರೆ ನಿಯಮದ ದೃಷ್ಟಿಯಲ್ಲಿ ಅಂಥ ದಣಿವು ‘ಮೊದಲೇ ಇದ್ದ ರೋಗ’ ಆಗುವುದಿಲ್ಲ. ಪಾಲಿಸಿ ಆರಂಭಕ್ಕೆ ಹಿಂದಿನ ಮೂವತ್ತಾರು ತಿಂಗಳಲ್ಲಿ ವೈದ್ಯರು ರೋಗವೆಂದು ಗುರುತಿಸಿರಬೇಕು, ಅಥವಾ ಅದಕ್ಕೆ ಸಲಹೆ ಇಲ್ಲವೇ ಚಿಕಿತ್ಸೆ ನೀಡಿರಬೇಕು. ಆಗ ಮಾತ್ರ ಅದು ಮೊದಲೇ ಇದ್ದ ರೋಗ. ಈ ತಾಯಿ ಮೊಣಕಾಲಿಗಾಗಿ ಮೊದಲ ಸಲ ವೈದ್ಯರನ್ನು ಕಂಡದ್ದು 2022ರ ಫೆಬ್ರುವರಿಯಲ್ಲಿ. ಆಗಿನ ಚೀಟಿಯೂ ಎಕ್ಸ್-ರೇಯೂ ಮನೆಯ ಪೆಟ್ಟಿಗೆಯಲ್ಲಿ ಇವೆ. ನಮೂನೆಯಲ್ಲಿ ‘ಈಗಿನ ಬಾಧೆ ಎಷ್ಟು ದಿನಗಳಿಂದ’ ಎಂಬ ಅಂಕಣವೂ ‘ಮೊದಲ ಸಮಾಲೋಚನೆಯ ದಿನಾಂಕ’ ಎಂಬ ಅಂಕಣವೂ ಬೇರೆ ಬೇರೆಯಾಗಿಯೇ ಇವೆ. ದೀರ್ಘಕಾಲದ ರೋಗಗಳ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಜೊತೆಗೆ ಕೀಲು ಸವೆತವೂ ಇದ್ದು, ಯಾವ ತಿಂಗಳು, ಯಾವ ವರ್ಷದಿಂದ ಎಂದು ಕೇಳಲಾಗಿದೆ. ಈ ಮೂರು ಕಡೆಯ ಉತ್ತರಗಳು ಒಂದಕ್ಕೊಂದು ಹೊಂದಬೇಕು. ಒಂದು ಕಡೆ 2022, ಇನ್ನೊಂದು ಕಡೆ ಹತ್ತು ವರ್ಷ ಎಂದಿದ್ದರೆ ಪ್ರಶ್ನೆ ಬಂದೇ ಬರುತ್ತದೆ.

ಪಾಲಿಸಿಗೆ ಮೊದಲೇ ವೈದ್ಯರು ‘ಕೀಲು ಸವೆದಿದೆ’ ಎಂದು ಹೇಳಿ ಚಿಕಿತ್ಸೆ ಕೊಟ್ಟಿದ್ದರೆ ಅದನ್ನು ಹಾಗೆಯೇ ಬರೆಯಬೇಕು. ದಿನಾಂಕವನ್ನು ಅನುಕೂಲಕ್ಕೆ ತಕ್ಕಂತೆ ಸರಿಸಬಾರದು. ಇದಕ್ಕಿಂತ ದೊಡ್ಡ ಅಪಾಯವೊಂದು ಇದೆ. ಅಪಘಾತದಿಂದ ಕೀಲು ಹಾಳಾಗಿದ್ದರೆ ಕಾಯುವ ಅವಧಿ ಅನ್ವಯಿಸುವುದಿಲ್ಲ. ಇದನ್ನು ತಿಳಿದವರು ಕೆಲವೊಮ್ಮೆ ‘ಬಚ್ಚಲಲ್ಲಿ ಜಾರಿ ಬಿದ್ದರು ಎಂದು ಬರೆಸಿರಿ’ ಎಂದು ಸಲಹೆ ಕೊಡುತ್ತಾರೆ. ಎಕ್ಸ್-ರೇ ಈ ಮಾತನ್ನು ಒಪ್ಪುವುದಿಲ್ಲ. ಕೀಲಿನ ಅಂಚಿನಲ್ಲಿ ಮೂಡಿದ ಎಲುಬಿನ ಮುಳ್ಳುಗಳು, ಮೃದ್ವಸ್ಥಿಯ ಕೆಳಗೆ ಗಟ್ಟಿಯಾಗಿ ಬೆಳ್ಳಗೆ ಕಾಣುವ ಎಲುಬು, ಹೊರಕ್ಕೆ ಬಾಗಿದ ಕಾಲು, ಇವು ವರ್ಷಗಟ್ಟಲೆ ನಿಧಾನವಾಗಿ ಆಗುವ ಬದಲಾವಣೆಗಳು. ಕಳೆದ ತಿಂಗಳ ಬೀಳುವಿಕೆಯಿಂದ ಅವು ಬರುವುದಿಲ್ಲ. ಕಂಪನಿಯ ವೈದ್ಯರಿಗೆ ಇದು ಒಂದೇ ನೋಟಕ್ಕೆ ತಿಳಿಯುತ್ತದೆ. ಆಗ ತಿರಸ್ಕಾರವಾಗುವುದು ಈ ಕೋರಿಕೆ ಮಾತ್ರವಲ್ಲ. ವಂಚನೆಯೆಂಬ ಕಾರಣಕ್ಕೆ ಪಾಲಿಸಿಯೇ ರದ್ದಾಗಬಹುದು. ಅರವತ್ತು ತಿಂಗಳ ರಕ್ಷಣೆಯೂ ವಂಚನೆಗೆ ಇಲ್ಲ.

ದಿನಾಂಕದ ಮಾತು ಮುಗಿದ ಮೇಲೆ ಉಳಿಯುವುದು ವೈದ್ಯಕೀಯ ಸಮರ್ಥನೆ. ‘ತೀವ್ರ ಕೀಲು ಸವೆತ’ ಎಂಬುದು ತೀರ್ಮಾನ. ಅದಕ್ಕೆ ಪುರಾವೆ ಬೇಕು. ಪುರಾವೆಯಲ್ಲಿ ಮೊದಲನೆಯದು ನಿಂತು ತೆಗೆಸಿದ ಎಕ್ಸ್-ರೇ. ಮಲಗಿಸಿ ತೆಗೆದ ಚಿತ್ರದಲ್ಲಿ ದೇಹದ ಭಾರ ಕೀಲಿನ ಮೇಲೆ ಬೀಳುವುದಿಲ್ಲ, ಆದ್ದರಿಂದ ಸವೆದ ಕೀಲಿನಲ್ಲಿಯೂ ಎಲುಬುಗಳ ನಡುವೆ ಅಂತರ ಇರುವಂತೆ ಕಾಣಬಹುದು. ನಿಂತಾಗ ಆ ಅಂತರ ನಿಜವಾಗಿ ಎಷ್ಟು ಉಳಿದಿದೆ ಎಂಬುದು ತಿಳಿಯುತ್ತದೆ. ಸವೆತದ ಮಟ್ಟವನ್ನು ಹೇಳಲು ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು 1957ರಲ್ಲಿ ರೂಪಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಸೊನ್ನೆ ಎಂದರೆ ಸವೆತವಿಲ್ಲದ ಕೀಲು. ನಾಲ್ಕು ಎಂದರೆ ಅಂತರ ಬಹುಪಾಲು ಮುಚ್ಚಿಹೋಗಿ ಎಲುಬಿನ ಆಕಾರವೇ ಕೆಟ್ಟ ಕೀಲು. ಆ ತಾಯಿಯ ಬಲ ಮೊಣಕಾಲು 2022ರಲ್ಲಿ ಎರಡನೆಯ ಹಂತದಲ್ಲಿತ್ತು, ಈಗ ನಾಲ್ಕನೆಯದರಲ್ಲಿದೆ. ಎರಡೂ ಚಿತ್ರಗಳನ್ನು ಜೊತೆಗಿಟ್ಟು ಕಳುಹಿಸಿದರೆ ರೋಗ ಬೆಳೆದ ದಾರಿ ಓದುವವರ ಕಣ್ಣಿಗೆ ಕಾಣುತ್ತದೆ, ದಿನಾಂಕದ ಸಂಶಯವೂ ತಾನಾಗಿ ಕರಗುತ್ತದೆ.

ಆದರೂ ಎಕ್ಸ್-ರೇ ಒಂದೇ ಸಾಲದು. ನಾಲ್ಕನೆಯ ಹಂತದ ಸವೆತವಿದ್ದೂ ಹೊಲಕ್ಕೆ ನಡೆದುಹೋಗಿ ಬರುವ ಅಜ್ಜಂದಿರು ಇದ್ದಾರೆ. ಚಿತ್ರ ಅಷ್ಟೇನೂ ಕೆಟ್ಟಿರದಿದ್ದರೂ ಹಾಸಿಗೆ ಹಿಡಿದವರೂ ಇದ್ದಾರೆ. ಶಸ್ತ್ರಚಿಕಿತ್ಸೆ ಬೇಕಾಗಿರುವುದು ಚಿತ್ರಕ್ಕಲ್ಲ, ನಡೆಯಲಾಗದ ಮನುಷ್ಯನಿಗೆ. ಆದ್ದರಿಂದ ರೋಗಿಗೆ ಏನು ಮಾಡಲಾಗುತ್ತಿಲ್ಲ ಎಂಬುದನ್ನು ಅಳತೆಯ ಮಾತಿನಲ್ಲಿ ಬರೆಯಬೇಕು. ಎಷ್ಟು ದೂರ ನಡೆದ ಮೇಲೆ ಕೂರಬೇಕಾಗುತ್ತದೆ, ಮೆಟ್ಟಿಲು ಹತ್ತುವಾಗ ಕೈ ಆಸರೆ ಬೇಕೇ, ನೆಲದ ಮೇಲೆ ಕುಳಿತು ಏಳಲು ಬರುತ್ತದೆಯೇ, ರಾತ್ರಿ ನೋವಿನಿಂದ ಎಚ್ಚರವಾಗುತ್ತದೆಯೇ ಎಂಬುದನ್ನು ಬರೆಯಬೇಕು. ಮೊಣಕಾಲು ಎಷ್ಟು ಡಿಗ್ರಿ ಮಡಿಚುತ್ತದೆ, ಪೂರ್ತಿ ನೇರವಾಗುತ್ತದೆಯೇ, ಕಾಲು ಎಷ್ಟು ಬಾಗಿದೆ ಎಂಬುದನ್ನು ವೈದ್ಯರು ಅಳೆದು ಸೇರಿಸಬೇಕು. ಆಕ್ಸ್‌ಫರ್ಡ್ ಮೊಣಕಾಲು ಅಂಕ ಎಂಬ ಹನ್ನೆರಡು ಪ್ರಶ್ನೆಗಳ ಪಟ್ಟಿಯೂ ಉಂಟು. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು ನಲವತ್ತೆಂಟು, ಅಂಕ ಕಡಿಮೆಯಾದಷ್ಟೂ ತೊಂದರೆ ಹೆಚ್ಚು. ರೋಗಿ ಹತ್ತು ನಿಮಿಷದಲ್ಲಿ ತುಂಬಬಹುದಾದ ಈ ಪಟ್ಟಿ ‘ತೀವ್ರ ನೋವು’ ಎಂಬ ವಿಶೇಷಣಕ್ಕಿಂತ ಹೆಚ್ಚು ಹೇಳುತ್ತದೆ.

ಇನ್ನೊಂದು ಅಂಶ, ಈವರೆಗೆ ಮಾಡಿದ ಚಿಕಿತ್ಸೆ. ‘ಔಷಧದಿಂದ ಗುಣ ಕಂಡಿಲ್ಲ’ ಎಂಬ ಒಂದು ಸಾಲು ಯಾರಿಗೂ ಏನನ್ನೂ ತಿಳಿಸುವುದಿಲ್ಲ. ಯಾವ ಔಷಧ, ಎಷ್ಟು ತಿಂಗಳು, ಫಲವೇನು, ನಿಲ್ಲಿಸಿದ್ದು ಏಕೆ ಎಂಬುದು ಮುಖ್ಯ. ಆ ತಾಯಿಯ ಕತೆಯಲ್ಲಿ ಇದೇ ನಿರ್ಣಾಯಕ ಸಂಗತಿ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಅವರು ಫಿಸಿಯೋಥೆರಪಿ ಕೇಂದ್ರದಲ್ಲಿ ಮೂರು ತಿಂಗಳು ಕಲಿತು ಮನೆಯಲ್ಲಿ ಮುಂದುವರಿಸಿದ್ದರು. ತೂಕವನ್ನು 76 ಕಿಲೋದಿಂದ 71ಕ್ಕೆ ಇಳಿಸಿದ್ದರು. ನೋವಿನ ಮಾತ್ರೆಗಳನ್ನು ವರ್ಷದಷ್ಟು ಕಾಲ ತೆಗೆದುಕೊಂಡಾಗ ರಕ್ತದ ಕ್ರಿಯಾಟಿನಿನ್ 0.9ರಿಂದ 1.5ಕ್ಕೆ ಏರಿ, ಮೂತ್ರಪಿಂಡಕ್ಕೆ ಅಪಾಯವೆಂದು 2025ರ ಮಾರ್ಚ್‌ನಲ್ಲಿ ವೈದ್ಯರು ಅವನ್ನು ನಿಲ್ಲಿಸಿದರು. ಜೂನ್‌ನಲ್ಲಿ ಕೀಲಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಆರಾಮ ನಿಂತದ್ದು ಆರು ವಾರ. ಸಕ್ಕರೆ ಕಾಯಿಲೆಯ ಹಿರಿಯರಲ್ಲಿ ನೋವಿನ ಮಾತ್ರೆಯ ದಾರಿ ಮುಚ್ಚಿಹೋಗಿದೆ ಎಂಬುದು ‘ಈಗಲೇ ಏಕೆ’ ಎಂಬ ಪ್ರಶ್ನೆಗೆ ಬಲವಾದ ಉತ್ತರ. ಮೊದಲ ಕೋರಿಕೆಯಲ್ಲಿ ಇದರ ಸುಳಿವೇ ಇರಲಿಲ್ಲ.

ಇದೇ ಕಾಲಾನುಕ್ರಮ ಇನ್ನೊಂದು ಪ್ರಶ್ನೆಗೂ ಉತ್ತರಿಸುತ್ತದೆ: ಜುಲೈನಲ್ಲಿಯೇ ಏಕೆ ಮಾಡಲಿಲ್ಲ? ಕೀಲಿಗೆ ಸ್ಟೀರಾಯ್ಡ್ ಕೊಟ್ಟ ಮೇಲೆ ಮೂರು ತಿಂಗಳೊಳಗೆ ಕೀಲು ಬದಲಿಸಿದರೆ ಸೋಂಕಿನ ಅಪಾಯ ಹೆಚ್ಚುತ್ತದೆ. ಜೊತೆಗೆ ಜುಲೈನಲ್ಲಿ ಅವರ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, ಶೇಕಡಾ 8.9 ಇತ್ತು. ಅಷ್ಟು ಸಕ್ಕರೆಯಿರುವಾಗ ಗಾಯ ಮಾಯುವುದು ತಡ, ಸೋಂಕಿನ ಭಯ ಹೆಚ್ಚು. ಅಕ್ಟೋಬರ್‌ನಲ್ಲಿ ಅದು 7.4ಕ್ಕೆ ಇಳಿದಿದೆ, ಹೃದಯದ ಪರೀಕ್ಷೆಯೂ ಆಗಿ ಅರಿವಳಿಕೆ ತಜ್ಞರು ಒಪ್ಪಿಗೆ ಕೊಟ್ಟಿದ್ದಾರೆ. ವಯಸ್ಸು, ಸಕ್ಕರೆ, ಮೂತ್ರಪಿಂಡ ಇವನ್ನು ಮರೆಮಾಚಿ ಕೋರಿಕೆಯನ್ನು ಹಗುರ ಮಾಡುವವರಿದ್ದಾರೆ. ಅವನ್ನು ತೆರೆದಿಟ್ಟು, ಅಪಾಯವನ್ನು ತಗ್ಗಿಸಲು ಏನು ಮಾಡಲಾಗಿದೆ ಎಂದು ಹೇಳಿದಾಗಲೇ ಕೋರಿಕೆಗೆ ತೂಕ ಬರುತ್ತದೆ.

ಈಗ ಅದೇ ಕೋರಿಕೆಯನ್ನು ವೈದ್ಯರೇ ಬರೆದರೆ ಹೇಗಿರುತ್ತದೆ ನೋಡಿರಿ. ವ್ಯವಹಾರದಲ್ಲಿ ಇದು ಇಂಗ್ಲಿಷಿನಲ್ಲಿ ಹೋಗುತ್ತದೆ, ತಿರುಳು ಹೀಗೆ:

“67 ವರ್ಷದ ಮಹಿಳೆ. ಬಲ ಮೊಣಕಾಲಿನ ನೋವಿಗಾಗಿ ಮೊದಲ ಸಮಾಲೋಚನೆ ಫೆಬ್ರುವರಿ 2022. ಅದಕ್ಕೂ ಮೊದಲು ಮೊಣಕಾಲಿಗೆ ವೈದ್ಯರ ಸಲಹೆ ಅಥವಾ ಚಿಕಿತ್ಸೆ ಪಡೆದಿಲ್ಲ. ಪೆಟ್ಟಾದ ಇತಿಹಾಸವಿಲ್ಲ, ವಯೋಸಹಜ ಕೀಲು ಸವೆತ. ನಿಂತು ತೆಗೆದ ಎಕ್ಸ್-ರೇ: ಬಲಗಡೆ ನಾಲ್ಕನೆಯ ಹಂತ, ಒಳಭಾಗದ ಅಂತರ ಪೂರ್ತಿ ಮುಚ್ಚಿದೆ; ಎಡಗಡೆ ಮೂರನೆಯ ಹಂತ, ಸದ್ಯ ಶಸ್ತ್ರಚಿಕಿತ್ಸೆ ಬೇಡ. ಕಾಲು 12 ಡಿಗ್ರಿ ಹೊರಬಾಗಿದೆ. ಚಲನೆ 10ರಿಂದ 95 ಡಿಗ್ರಿ. ನಡಿಗೆ 200 ಮೀಟರ್, ಕೋಲಿನ ಸಹಾಯ, ರಾತ್ರಿ ನೋವು, ಆಕ್ಸ್‌ಫರ್ಡ್ ಅಂಕ 48ಕ್ಕೆ 14. ವ್ಯಾಯಾಮ, ತೂಕ ಇಳಿಕೆ, ನೋವಿನ ಮಾತ್ರೆ, ಜೂನ್ 2025ರಲ್ಲಿ ಚುಚ್ಚುಮದ್ದು, ಇವುಗಳಿಂದ ಶಾಶ್ವತ ಪರಿಹಾರ ಸಿಕ್ಕಿಲ್ಲ. ಕ್ರಿಯಾಟಿನಿನ್ ಏರಿದ್ದರಿಂದ ಮಾತ್ರೆ ಮುಂದುವರಿಸುವಂತಿಲ್ಲ. ಸಕ್ಕರೆ ಕಾಯಿಲೆ 2016ರಿಂದ, ಪಾಲಿಸಿಯಲ್ಲಿ ಘೋಷಿಸಲಾಗಿದೆ, ಎಚ್‌ಬಿಎ1ಸಿ 7.4. ಬಲ ಮೊಣಕಾಲಿನ ಸಂಪೂರ್ಣ ಕೀಲು ಬದಲಾವಣೆ. ನಿರೀಕ್ಷಿತ ವಾಸ ನಾಲ್ಕು ದಿನ.”

ಇದಕ್ಕೆ 2022ರ ಚೀಟಿ, ಎರಡೂ ಎಕ್ಸ್-ರೇಗಳು, ಫಿಸಿಯೋಥೆರಪಿಯ ದಾಖಲೆ, ರಕ್ತಪರೀಕ್ಷೆಗಳು, ಖರ್ಚಿನ ಅಂದಾಜು ಇಷ್ಟನ್ನು ಲಗತ್ತಿಸಿದರೆ ಕಂಪನಿಯ ವೈದ್ಯರು ಕೇಳಬಹುದಾದ ಸಾಮಾನ್ಯ ಪ್ರಶ್ನೆಗಳಿಗೆಲ್ಲ ಉತ್ತರ ಮೊದಲೇ ದೊರೆತಂತಾಗುತ್ತದೆ. ನೋವು ಯಾವಾಗಿನಿಂದ, ಕಾರಣ ಪೆಟ್ಟೇ ಅಥವಾ ಸವೆತವೇ, ಮೊದಲ ಚೀಟಿ ಎಲ್ಲಿ, ಬೇರೆ ಚಿಕಿತ್ಸೆ ಏನು ಮಾಡಿದಿರಿ ಎಂಬ ನಾಲ್ಕು ಪ್ರಶ್ನೆಗಳೇ ಮೊಣಕಾಲಿನ ವಿಷಯದಲ್ಲಿ ಮತ್ತೆ ಮತ್ತೆ ಬರುತ್ತವೆ. ಪೂರ್ವಾನುಮತಿಯ ಕೋರಿಕೆಯನ್ನು ಒಂದು ಗಂಟೆಯೊಳಗೆ ತೀರ್ಮಾನಿಸಬೇಕೆಂದು ಐಆರ್‌ಡಿಎಐ 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಹೇಳಿದೆ. ಅಪೂರ್ಣ ಕೋರಿಕೆ ಹೋದರೆ ಆ ಗಂಟೆಯೊಳಗೆ ಬರುವುದು ಮಂಜೂರಾತಿಯಲ್ಲ, ಪ್ರಶ್ನೆ. ಅಷ್ಟರಲ್ಲಿ ರೋಗಿ ಉಪವಾಸವಿದ್ದು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದರೆ, ಮಗ ಹಳೆಯ ಚೀಟಿ ಹುಡುಕಲು ಊರಿಗೆ ಓಡಬೇಕಾಗುತ್ತದೆ. ಯೋಜಿತ ಶಸ್ತ್ರಚಿಕಿತ್ಸೆಗೆ ಕನಿಷ್ಠ ನಲವತ್ತೆಂಟು ಗಂಟೆ ಮೊದಲು ತಿಳಿಸಬೇಕೆಂದು ಅನೇಕ ಪಾಲಿಸಿಗಳು ಹೇಳುತ್ತವೆ. ನನ್ನ ಸಲಹೆ, ಒಂದು ವಾರ ಮೊದಲೇ ಕಳುಹಿಸಿರಿ.

ಇಷ್ಟಾದರೂ ನಿರಾಕರಣೆ ಬರಬಹುದು. ಆಗ ಎರಡು ಸಂಗತಿ ನೆನಪಿಡಬೇಕು. ಕ್ಯಾಶ್‌ಲೆಸ್ ನಿರಾಕರಣೆಯೆಂದರೆ ಕ್ಲೇಮಿನ ನಿರಾಕರಣೆಯಲ್ಲ. ಹಣ ಕಟ್ಟಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮೂಲ ದಾಖಲೆಗಳೊಂದಿಗೆ ಮರುಪಾವತಿ ಕೇಳುವ ಹಕ್ಕು ಉಳಿದಿರುತ್ತದೆ. ಆದರೆ ಕಾಯುವ ಅವಧಿ ನಿಜವಾಗಿ ಮುಗಿದಿಲ್ಲದಿದ್ದರೆ ಮರುಪಾವತಿಯೂ ಸಿಗದು. ಅಂಥವರು ಸಾಲ ಮಾಡುವ ಮೊದಲು ಪಾಲಿಸಿಯ ದಿನಾಂಕ ನೋಡಿಕೊಳ್ಳಬೇಕು. ನಡುವೆ ವಿಮೆಯ ಮೊತ್ತ ಹೆಚ್ಚಿಸಿಕೊಂಡವರಿಗೆ ಹೆಚ್ಚಿದ ಭಾಗದ ಕಾಯುವ ಅವಧಿ ಆ ದಿನದಿಂದಲೇ ಆರಂಭವಾಗುತ್ತದೆ ಎಂಬುದನ್ನೂ ಮರೆಯಬಾರದು. ಎರಡನೆಯದು, ಕ್ಲೇಮನ್ನು ತಿರಸ್ಕರಿಸುವ ಕಂಪನಿ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂಬುದನ್ನು ಬರಹದಲ್ಲಿ ಹೇಳಲೇಬೇಕು. ಅದನ್ನು ಕೇಳಿ ಪಡೆಯಿರಿ. ಕಂಪನಿಯ ದೂರು ವಿಭಾಗಕ್ಕೆ ಬರೆದು ಮೂವತ್ತು ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಅವರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಅಲ್ಲಿಯೂ ಮೇಜಿನ ಮೇಲೆ ಮೊದಲು ಬರುವ ಕಾಗದ ಪೂರ್ವಾನುಮತಿಯ ಕೋರಿಕೆಯೇ. ಅದರಲ್ಲಿ ‘10 ವರ್ಷ’ ಎಂದು ಬರೆದಿದ್ದರೆ, ಆಮೇಲೆ ‘ಹಾಗಲ್ಲ, 2022ರಿಂದ’ ಎಂದು ತಿದ್ದುವುದು ಬಲು ಕಷ್ಟ. ತಡವಾಗಿ ಬಂದ ತಿದ್ದುಪಡಿಯನ್ನು ಯಾರೂ ಸುಲಭವಾಗಿ ನಂಬುವುದಿಲ್ಲ.

ದಿನಕ್ಕೆ ಅರವತ್ತು ರೋಗಿಗಳನ್ನು ನೋಡುವ ವೈದ್ಯರಿಗೆ ಇದನ್ನೆಲ್ಲ ಬರೆಯಲು ಸಮಯವೆಲ್ಲಿ ಎಂಬ ಆಕ್ಷೇಪಣೆ ಬರುತ್ತದೆ. ಆಕ್ಷೇಪಣೆಯಲ್ಲಿ ಸತ್ಯವಿದೆ. ಆದರೆ ಮೇಲಿನ ಒಕ್ಕಣೆಯಲ್ಲಿ ವೈದ್ಯರು ಹೊಸದಾಗಿ ಕಂಡುಹಿಡಿಯಬೇಕಾದದ್ದು ಏನೂ ಇಲ್ಲ. ಶಸ್ತ್ರಚಿಕಿತ್ಸೆಯನ್ನು ನಿರ್ಧರಿಸುವಾಗ ಅವರು ನೋಡಿಯೇ ಇರುವ ಸಂಗತಿಗಳು ಅವು. ಅವನ್ನು ಹೊರರೋಗಿ ಚೀಟಿಯಲ್ಲಿ ಅಂದೇ ಬರೆದಿಟ್ಟಿದ್ದರೆ ವಿಮಾ ವಿಭಾಗದವರು ನಕಲು ಮಾಡಿಕೊಳ್ಳಬಹುದು, ವೈದ್ಯರು ಓದಿ ಸಹಿ ಮಾಡಬಹುದು. ಬರೆಯಲು ಬೇಕಾದ ಅಂಶಗಳೇ ಇಲ್ಲದಿದ್ದರೆ, ಆ ಶಸ್ತ್ರಚಿಕಿತ್ಸೆಯ ಅಗತ್ಯವನ್ನೇ ಮತ್ತೊಮ್ಮೆ ಯೋಚಿಸುವುದು ಲೇಸು.

ವಿಮಾ ಕಂಪನಿಗಳಿಗೂ ಒಂದು ಮಾತು ಹೇಳಬೇಕು. ನಾಲ್ಕು ಪ್ರಶ್ನೆಗಳನ್ನು ನಾಲ್ಕು ಸಲ ಬಿಡಿಬಿಡಿಯಾಗಿ ಕಳುಹಿಸುವುದು ನ್ಯಾಯವಲ್ಲ. ಕೇಳಬೇಕಾದದ್ದನ್ನೆಲ್ಲ ಒಂದೇ ಸಲ ಕೇಳಲಿ. ರೋಗಿ ಆಡಿದ ‘ಹತ್ತು ವರ್ಷ’ ಎಂಬ ಮಾತನ್ನು ತಪ್ಪೊಪ್ಪಿಗೆಯಂತೆ ಹಿಡಿಯದೆ, ವೈದ್ಯರ ಚೀಟಿಯ ದಿನಾಂಕವನ್ನು ಆಧಾರವಾಗಿ ತೆಗೆದುಕೊಳ್ಳಲಿ. ನಿಯಮ ಹೇಳುವುದೂ ಅದನ್ನೇ.

ಕೊನೆಯ ಮಾತು ಹಿರಿಯರ ಮನೆಯವರಿಗೆ. ನಮೂನೆಗೆ ಸಹಿ ಮಾಡುವ ಮೊದಲು ಅದರ ಪ್ರತಿಯನ್ನು ಕೇಳಿ ಪಡೆಯಿರಿ. ಇಂಗ್ಲಿಷ್ ಬಲ್ಲ ಮಗನೋ ಮೊಮ್ಮಗಳೋ ಐದು ವಿಷಯಗಳನ್ನು ಓದಿ ಹೇಳಲಿ: ಯಾವ ಕಾಲು, ಯಾವಾಗಿನಿಂದ, ಮೊದಲ ಸಲ ವೈದ್ಯರನ್ನು ಕಂಡದ್ದು ಎಂದು, ಈವರೆಗೆ ಏನು ಚಿಕಿತ್ಸೆ, ಬೇರೆ ಯಾವ ರೋಗ ಯಾವ ವರ್ಷದಿಂದ. ಇವುಗಳಲ್ಲಿ ಒಂದು ತಪ್ಪಿದ್ದರೂ ಕಳುಹಿಸುವ ಮೊದಲೇ ತಿದ್ದಿಸಿರಿ. ವೈದ್ಯರು ಕೇಳಿದಾಗ ಅಂದಾಜಿನ ವರ್ಷ ಹೇಳದೆ, ಮೊದಲ ಚೀಟಿಯನ್ನು ಮುಂದಿಡಿರಿ. ಹಳೆಯ ಎಕ್ಸ್-ರೇಗಳನ್ನು ಅಟ್ಟದ ಮೇಲೆ ಸುರುಳಿ ಸುತ್ತಿ ಇಡದೆ, ಪಾಲಿಸಿಯ ಕಾಗದಗಳ ಜೊತೆಗೆ ಒಂದೇ ಚೀಲದಲ್ಲಿ ಇರಿಸಿರಿ. ಎರಡೂ ಒಂದೇ ದಿನ ಬೇಕಾಗುತ್ತವೆ.